ಎಷ್ಟು ಬರಬೇಕಿತ್ತು?

"ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿದ್ರೆ ಲೆಕ್ಕ ಯಾಕೆ ಮಾಡ್ಲಿ ಅಕ್ಕಾ?"

ಭಾನುವಾರ ರಾತ್ರಿ ತಂಗಿ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಗೇಟ್ ಪರೀಕ್ಷೆಯ ಸಿವಿಲ್ ಪೇಪರ್‌ಗೆ ಓದುತ್ತಿದ್ದಾಳೆ. ಹಳೇ ಪೇಪರ್‌ಗಳಿಂದ ಆಪ್ಷನ್ ಇಲ್ಲದ ಪ್ರಶ್ನೆಗಳನ್ನೇ ಆರಿಸಿ ಮಾಡಿಸುತ್ತಿದ್ದೆ. ಅವತ್ತಿನದು ಜೇಡಿಮಣ್ಣಿನ ಪದರ ಎಷ್ಟು ಕುಸಿಯುತ್ತೆ ಅನ್ನುವ ಲೆಕ್ಕ. ಅಂಕಿಗಳನ್ನು ಮಾತ್ರ ನಾನು ಬದಲಿಸಿದ್ದೆ. ಪದರ 4 ಮೀಟರ್ ದಪ್ಪ, ಕಂಪ್ರೆಶನ್ ಇಂಡೆಕ್ಸ್ 0.3, ವಾಯ್ಡ್ ರೇಶಿಯೊ 0.9. ಮೊದಲಿದ್ದ ಒತ್ತಡ 120 ಕಿಲೋಪಾಸ್ಕಲ್, ಈಗ 150. ಉತ್ತರ ಮಿಲಿಮೀಟರಿನಲ್ಲಿ, ಒಂದು ದಶಮಾಂಶಕ್ಕೆ.

`S = Cc × H / (1 + e0) × log10(150/120)`

140.9 ಅಂತ ಬರೆದಳು. `log` ಬದಲು `ln` ಒತ್ತಿದ್ದಳು. ಆಪ್ಷನ್ ಇದ್ದಿದ್ದರೆ ನಾಲ್ಕರಲ್ಲೂ 140.9 ಕಾಣದೆ ತಿರುಗಿ ನೋಡುತ್ತಿದ್ದಳೇನೋ. ಇಷ್ಟು ದಿನ ಅವಳ ಲೆಕ್ಕವನ್ನು ತಿದ್ದುತ್ತಿದ್ದದ್ದು ಆ ನಾಲ್ಕು ಆಪ್ಷನ್‌ಗಳೇ. "ಎಷ್ಟು ಬರಬೇಕಿತ್ತು?" ಅಂದೆ. ಆಗಲೇ ಅವಳು ಆ ಮಾತು ಕೇಳಿದ್ದು.

ಒತ್ತಡ ಎರಡು ಪಟ್ಟಾದರೆ ಲಾಗ್ 0.3. ಇಲ್ಲಿ ಕಾಲು ಭಾಗ ಮಾತ್ರ ಜಾಸ್ತಿಯಾಗಿದೆ, ಹಾಗಾಗಿ ಸುಮಾರು 0.1. ಮುಂದಿರುವ 1.2/1.9 ಅಂದರೆ 0.6 ಚಿಲ್ಲರೆ. ಗುಣಿಸಿದರೆ 0.06 ಮೀಟರ್, ಅಂದರೆ 60 ಮಿಲಿಮೀಟರಿನ ಆಸುಪಾಸು. ಕ್ಯಾಲ್ಕುಲೇಟರ್ ಮುಟ್ಟುವ ಮೊದಲೇ ಇಷ್ಟು ಸಿಗುತ್ತೆ ಅಲ್ವಾ?

ಮತ್ತೆ ಮಾಡಿದಳು. 61.3. ಈ ಸಲ ಲಾಗನ್ನು 0.097 ಅಂತ ಹಾಳೆಗೆ ಇಳಿಸಿ, ಅದನ್ನೇ ತಿರುಗಿ ಟೈಪ್ ಮಾಡಿದ್ದಳು. 1.2/1.9 ಅನ್ನೂ 0.63 ಮಾಡಿಕೊಂಡರೆ 61.1 ಬರುತ್ತೆ. ಎಲ್ಲೂ ಕತ್ತರಿಸದೆ ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡಿದರೆ 61.2. ಗೇಟ್‌ನ ಆನ್ಸರ್ ಕೀಯಲ್ಲಿ ಇಂಥ ಎಷ್ಟೋ ಪ್ರಶ್ನೆಗಳಿಗೆ "ಇಷ್ಟರಿಂದ ಇಷ್ಟು" ಅಂತ ವ್ಯಾಪ್ತಿ ಕೊಟ್ಟಿರುತ್ತಾರೆ. ಅದು ಅಗಲವಾಗಿದ್ದರೆ ಮೂರೂ ಸರಿ, ಕಿರಿದಾಗಿದ್ದರೆ ಪೂರ್ತಿ ಅಂಕ ಹೋಯಿತು. ಹಳೇ ಕೀಗಳ ಜೊತೆ ಹೋಲಿಸುತ್ತಾ ಹೋದಾಗಲೇ ಈ ಭಯ ಮೈಗೆ ಹತ್ತುತ್ತೆ. ಹಾಳೆಗೆ ಇಳಿಸಲೇಬೇಕಾದರೆ 0.0969, 0.6316 ಅಂತ ಇಳಿಸಿಕೊಳ್ಳಲಿ, 61.2 ಉಳಿಯುತ್ತೆ.

ಅವಳ ಕೋಚಿಂಗ್ ಮೇಷ್ಟ್ರು "ಇವಕ್ಕೆ ನೆಗೆಟಿವ್ ಇಲ್ಲ, ಏನಾದ್ರೂ ತುಂಬಿ" ಅಂತಾರಂತೆ. ನೆಗೆಟಿವ್ ಇಲ್ಲ ಅನ್ನೋದು ನಿಜ. ಆದರೆ ಆ ಮಾತು ನನಗೆ ಹಿಡಿಸಲಿಲ್ಲ. ಉತ್ತರವನ್ನು ಸಂಶಯದಿಂದ ನೋಡಲು ಮಕ್ಕಳು ಕಲಿಯಬೇಕಾದ ಜಾಗವೇ ಅದು.

ಬುಧವಾರ ಆಫೀಸಿನಲ್ಲಿ ಒಂದು ಫೌಂಡೇಶನ್ ವರದಿಗೆ ಸಹಿ ಹಾಕಬೇಕಿತ್ತು. ಕುಸಿತ 38 ಮಿಲಿಮೀಟರ್ ಅಂತಿತ್ತು. ತಂಗಿಯ ಮಾತು ಕಿವಿಯಲ್ಲಿ ಕೇಳಿಸಿತು. ಪೆನ್ನು ಕೆಳಗಿಟ್ಟು, ವರದಿಯ ಹಿಂಬದಿಯಲ್ಲಿ ಎಷ್ಟು ಬರಬೇಕು ಅಂತ ಮೊದಲು ಬರೆದುಕೊಂಡೆ.