ಇನ್‌ಬಾಕ್ಸ್ ಖಾಲಿ ಮಾಡಲು ಧೈರ್ಯ ಕೊಟ್ಟ ಕೀಲಿಗಳು

ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕದ ಅಕೌಂಟ್ಸ್ ವಿಭಾಗದಲ್ಲಿ ನಾನು ಸರಬರಾಜುದಾರರ ಬಿಲ್ಲುಗಳನ್ನು ನೋಡಿಕೊಳ್ಳುತ್ತೇನೆ. ನಮ್ಮ ಕಚೇರಿಯಲ್ಲಿರುವುದು ಜಿಮೇಲ್, ಅದಕ್ಕೆ ದಿನಕ್ಕೆ ಸುಮಾರು ನೂರು ಮೇಲ್‌ಗಳು ಬರುತ್ತವೆ. ಹೆಚ್ಚಿನವಕ್ಕೆ "ಬಿಲ್ ತಲುಪಿದೆ, ಪಿಒ ನಂಬರ್ ನಮೂದಿಸಿ ಮತ್ತೆ ಕಳುಹಿಸಿ" ಎಂಬಂಥ ಒಂದೆರಡು ಸಾಲಿನ ಉತ್ತರ ಸಾಕಾಗುತ್ತದೆ. ಆದರೂ ಬಹಳ ಕಾಲ ನನ್ನ ಇನ್‌ಬಾಕ್ಸಿನಲ್ಲಿ ಮುಗಿದ ಕೆಲಸದ ಮೇಲ್‌ಗಳೂ ಮುಗಿಯದವೂ ಒಟ್ಟೊಟ್ಟಿಗೆ ಸಾವಿರಗಟ್ಟಲೆ ಬಿದ್ದಿರುತ್ತಿದ್ದವು, ಏಕೆಂದರೆ ಕಣ್ಣಿಂದ ಮರೆಯಾದ ಮೇಲ್ ಮತ್ತೆ ಸಿಗುವುದಿಲ್ಲ ಎಂಬ ಹೆದರಿಕೆ ನನಗಿತ್ತು.

ಆ ಹೆದರಿಕೆ ಹೋದದ್ದು ಒಂದು ಆಡಿಟ್ ಸಮಯದಲ್ಲಿ. ಬೇರಿಂಗ್ ಪೂರೈಸುವವರೊಬ್ಬರು ಹಿಂದಿನ ಆರ್ಥಿಕ ವರ್ಷದ ಮೊದಲ ತ್ರೈಮಾಸಿಕದಲ್ಲಿ ದರ ಏರಿಸಿದ್ದರು. ಅದಕ್ಕೆ ಸಂಬಂಧಿಸಿದ ಪತ್ರವನ್ನು ಆಡಿಟರ್ ಕೇಳಿದರು. ನಾನು ಮೌಸಿನ ಚಕ್ರ ತಿರುಗಿಸುತ್ತ ಪುಟದಿಂದ ಪುಟಕ್ಕೆ ಹೋಗುತ್ತಿದ್ದೆ. ಎದುರಿಗೆ ಕುಳಿತಿದ್ದ ಅವರ ಸಹಾಯಕ "ಮೇಡಂ, ಸಿಕ್ತಾ?" ಎಂದು ಎರಡನೆಯ ಸಲ ಕೇಳಿದ. ಬಳಿಕ ಅನುಮತಿ ಕೇಳಿ ತಾನೇ ಕೀಲಿಮಣೆಯನ್ನು ಎಳೆದುಕೊಂಡು `/` ಒತ್ತಿದ, ಕರ್ಸರ್ ನೇರವಾಗಿ ಹುಡುಕುವ ಪಟ್ಟಿಗೆ ಹೋಯಿತು, ಅಲ್ಲಿ ಈ ಸಾಲನ್ನು ಬೆರಳಚ್ಚು ಮಾಡಿದ:

```
from:bearings filename:pdf after:2024/04/01 before:2024/07/01
```

ಕಳುಹಿಸಿದವರ ಹೆಸರಿನಲ್ಲಾಗಲಿ ವಿಳಾಸದಲ್ಲಾಗಲಿ bearings ಎಂಬ ಪದವಿದ್ದು, ಜೊತೆಗೆ ಪಿಡಿಎಫ್ ಕಡತವಿದ್ದ ಏಳು ಮೇಲ್‌ಗಳು ತೆರೆದುಕೊಂಡವು. ಮೂರನೆಯದೇ ನಮಗೆ ಬೇಕಾದ ಪತ್ರವಾಗಿತ್ತು. ಜೂನ್ 30ರವರೆಗಿನದು ಬೇಕಾದಾಗ `before:` ಮುಂದೆ ಜುಲೈ 1 ಎಂದು ಕೊಡಬೇಕು, ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕು, `from:` ಆದ ಮೇಲೆ ಜಾಗ ಬಿಡಬಾರದು ಎಂಬ ಮೂರು ಮಾತುಗಳನ್ನು ಆತ ಹೇಳಿದ್ದನ್ನು ನಾನು ಅಂದೇ ಡೈರಿಯ ಹಿಂಪುಟದಲ್ಲಿ ಬರೆದುಕೊಂಡೆ.

ಜಿಮೇಲ್‌ನಲ್ಲಿ ಇಂಥ ಒಂದಕ್ಷರದ ಕೀಲಿಗಳು ಹೆಚ್ಚಿನವು ತಾವಾಗಿಯೇ ಚಾಲ್ತಿಯಲ್ಲಿರುವುದಿಲ್ಲ. ಮೇಲಿನ ಬಲಮೂಲೆಯ ಗಾಲಿಯ ಚಿಹ್ನೆಯನ್ನು ಒತ್ತಿ, See all settings ತೆರೆದು, General ವಿಭಾಗದಲ್ಲಿ Keyboard shortcuts on ಎಂಬುದನ್ನು ಆರಿಸಿ, ಪುಟದ ಕೊನೆಯಲ್ಲಿರುವ Save Changes ಒತ್ತಬೇಕು. ಈ ಕೊನೆಯ ಗುಂಡಿಯನ್ನು ಮರೆತು "ನನ್ನ ಕಂಪ್ಯೂಟರಿನಲ್ಲಿ ಇದು ಕೆಲಸ ಮಾಡುವುದಿಲ್ಲ" ಎಂದವರನ್ನು ನಮ್ಮ ವಿಭಾಗದಲ್ಲೇ ಇಬ್ಬರನ್ನು ಕಂಡಿದ್ದೇನೆ. ಚಾಲ್ತಿಯಾದ ಮೇಲೆ `?` ಒತ್ತಿದರೆ ಇಡೀ ಪಟ್ಟಿ ಪರದೆಯ ಮೇಲೆ ಬರುತ್ತದೆ. ಅದನ್ನೆಲ್ಲ ಬಾಯಿಪಾಠ ಮಾಡಲು ಹೊರಟರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ನನ್ನ ಬೆಳಗಿನ ಕೆಲಸ ಈಗ ಹೀಗೆ ನಡೆಯುತ್ತದೆ. ಮೇಲ್ ತೆರೆದು ಓದಿ, ಉತ್ತರ ಬೇಕಿದ್ದರೆ `r` ಒತ್ತುತ್ತೇನೆ, ಎರಡು ಸಾಲು ಬರೆದು `Ctrl+Enter` ಒತ್ತಿದರೆ ಅದು ಹೊರಡುತ್ತದೆ. ಆಮೇಲೆ `e` ಒತ್ತಿದರೆ ಆ ಮೇಲ್ ಇನ್‌ಬಾಕ್ಸಿನಿಂದ ಆರ್ಕೈವ್ ಆಗುತ್ತದೆ. ಆರ್ಕೈವ್ ಎಂದರೆ ಅಳಿಸುವುದಲ್ಲ. ಆ ಮೇಲ್‌ಗೆ ಅಂಟಿದ್ದ ಇನ್‌ಬಾಕ್ಸ್ ಎಂಬ ಚೀಟಿ ಮಾತ್ರ ಕಳಚುತ್ತದೆ, ಮೇಲ್ All Mail ಎಂಬಲ್ಲಿ ಹಾಗೆಯೇ ಇರುತ್ತದೆ, ಎದುರಿನವರು ಮರಳಿ ಬರೆದರೆ ಇಡೀ ಸಂವಾದವೇ ಮತ್ತೆ ಇನ್‌ಬಾಕ್ಸಿಗೆ ಬರುತ್ತದೆ. ಅಳಿಸಿದ ಮೇಲ್ ಹಾಗಲ್ಲ; ಅದು 30 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಹೋಗಿಯೇ ಹೋಗುತ್ತದೆ. ಲೆಕ್ಕಪತ್ರದ ಕೆಲಸದಲ್ಲಿ ಸರಬರಾಜುದಾರರ ಮೇಲನ್ನು ಅಳಿಸುವ ಅಭ್ಯಾಸವೇ ಬೇಡವೆಂಬುದು ನನ್ನ ಅಭಿಪ್ರಾಯ.

`e` ಒತ್ತಿದೊಡನೆ ಜಿಮೇಲ್ ಸಾಮಾನ್ಯವಾಗಿ ಪಟ್ಟಿಗೆ ಹಿಂದಿರುಗುತ್ತದೆ, ಮುಂದಿನದನ್ನು ಮತ್ತೆ ತೆರೆಯಬೇಕಾಗುತ್ತದೆ. ಸೆಟ್ಟಿಂಗ್ಸಿನ Advanced ವಿಭಾಗದಲ್ಲಿ Auto-advance ಎಂಬುದನ್ನು ಚಾಲ್ತಿಗೊಳಿಸಿದರೆ ನೇರವಾಗಿ ಮುಂದಿನ ಮೇಲ್ ತೆರೆದುಕೊಳ್ಳುತ್ತದೆ. ಒಂದಾದ ಮೇಲೊಂದು ನಲವತ್ತು ಬಿಲ್ ಮೇಲ್‌ಗಳನ್ನು ನೋಡುವವರಿಗೆ ಇದರಿಂದ ಆಗುವ ಉಳಿತಾಯ ಮೊದಲ ದಿನವೇ ಗೊತ್ತಾಗುತ್ತದೆ.

ಆದರೆ ಒಂದಕ್ಷರದ ಕೀಲಿಗೆ ಒಂದು ಕೆಟ್ಟ ಗುಣವೂ ಇದೆ: ಅದು ನಮ್ಮನ್ನು ಕೇಳಿ ಕೆಲಸ ಮಾಡುವುದಿಲ್ಲ. ಒಮ್ಮೆ ಫೋನಿನಲ್ಲಿ ಮಾತನಾಡುತ್ತ ರಿಜಿಸ್ಟರನ್ನು ಕೀಲಿಮಣೆಯ ಮೇಲೆ ಇಟ್ಟೆ. ಯಾವ ಕೀಲಿ ಒತ್ತಿಹೋಯಿತೋ ನೋಡಲಿಲ್ಲ, ತೆರೆದಿದ್ದ ಮೇಲ್ ಆರ್ಕೈವ್ ಆಗಿತ್ತು. ಪರದೆಯ ಕೆಳಗೆ ಮೂಡಿದ ಸೂಚನೆ ನಾನು ತಲೆ ಎತ್ತುವಷ್ಟರಲ್ಲಿ ಮಾಯವಾಗಿತ್ತು. ಹನ್ನೊಂದು ದಿನಗಳ ಬಳಿಕ ಆ ಸರಬರಾಜುದಾರರು ಕರೆ ಮಾಡಿ "ನಮ್ಮ ಡೆಬಿಟ್ ನೋಟಿನ ವಿಚಾರಕ್ಕೆ ಉತ್ತರವೇ ಬರಲಿಲ್ಲವಲ್ಲ ಮೇಡಂ" ಎಂದಾಗಲೇ ನನಗೆ ತಿಳಿದದ್ದು. ತಪ್ಪು ಆ ಕ್ಷಣದಲ್ಲೇ ಕಣ್ಣಿಗೆ ಬಿದ್ದರೆ `z` ಒತ್ತಿ ಹಿಂದಕ್ಕೆ ತರಬಹುದು. ಕಣ್ಣಿಗೆ ಬೀಳದೆ ಹೋದವಕ್ಕಾಗಿ ನಾನೀಗ ಪ್ರತಿ ಶುಕ್ರವಾರ ಮಧ್ಯಾಹ್ನ ಈ ಸಾಲನ್ನು ಹುಡುಕುವ ಪಟ್ಟಿಯಲ್ಲಿ ಕೊಡುತ್ತೇನೆ:

```
-in:inbox -from:me newer_than:7d
```

ಕಳೆದ ಏಳು ದಿನಗಳಲ್ಲಿ ಬಂದು, ಈಗ ಇನ್‌ಬಾಕ್ಸಿನಲ್ಲಿಲ್ಲದ, ನಾನು ಬರೆಯದ ಮೇಲ್‌ಗಳಷ್ಟೂ ಬರುತ್ತವೆ. ಓದಿಯೇ ಇಲ್ಲದವು ದಪ್ಪ ಅಕ್ಷರದಲ್ಲಿ ಎದ್ದು ಕಾಣುತ್ತವೆ. ಓದಿದ್ದೂ ಉತ್ತರಿಸದೆ ಬಿಟ್ಟವನ್ನು ಗುರುತಿಸಲು, ಸಾಲಿನಲ್ಲಿ ಕಳುಹಿಸಿದವರ ಹೆಸರಿನ ಪಕ್ಕ me ಎಂಬುದು ಇದೆಯೇ ಎಂದು ನೋಡುತ್ತೇನೆ. ಹಾಗೆಯೇ, ಅವಸರದಲ್ಲಿ `r` ಬದಲು `a` ಒತ್ತಿದರೆ ಉತ್ತರ ಎಲ್ಲರಿಗೂ ಹೋಗುತ್ತದೆ. ಆದ್ದರಿಂದ Undo Send ಅವಧಿಯನ್ನು ಮೊದಲಿದ್ದ 5 ಸೆಕೆಂಡಿನಿಂದ 30ಕ್ಕೆ ಏರಿಸಿಕೊಂಡಿದ್ದೇನೆ. ಅದಕ್ಕಿಂತ ಹೆಚ್ಚು ಅವಕಾಶ ಅಲ್ಲಿಲ್ಲ.

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ತೊಡಕಿದೆ. ಈ ಹುಡುಕಾಟ ಪದದ ತುಣುಕನ್ನು ಹಿಡಿಯುವುದಿಲ್ಲ, ಇಡೀ ಪದವನ್ನೇ ಕೇಳುತ್ತದೆ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ, ಮೇಲಿನಲ್ಲಿ "ರಶೀದಿಯನ್ನು ಲಗತ್ತಿಸಿದೆ" ಎಂದಿದ್ದರೆ "ರಶೀದಿ" ಎಂದು ಹುಡುಕಿ ನಾನು ಬರಿಗೈಯಲ್ಲಿ ಹಿಂದಿರುಗಿದ್ದೇನೆ. ಎರಡು ರೂಪಗಳನ್ನೂ ನಡುವೆ `OR` ಇಟ್ಟು ಕೊಡಬಹುದು. ಅದಕ್ಕಿಂತ, ಕಳುಹಿಸಿದವರ ವಿಳಾಸ ಮತ್ತು ದಿನಾಂಕದ ಮಿತಿಯನ್ನು ನೆಚ್ಚಿಕೊಳ್ಳುವುದು ಸುಲಭ. ಬಿಲ್ ನಂಬರನ್ನೂ ಪೂರ್ತಿಯಾಗಿಯೇ ಬೆರಳಚ್ಚು ಮಾಡುತ್ತೇನೆ, ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಕೊಟ್ಟರೆ ಸಿಗುವ ಭರವಸೆಯಿಲ್ಲ. ಕನ್ನಡದಲ್ಲಿ ಉತ್ತರ ಬರೆದು ಮುಗಿಸಿದ ಮೇಲೆ, `e` ಒತ್ತುವ ಮೊದಲು `Win+Space` ಒತ್ತಿ ಕೀಲಿಮಣೆಯನ್ನು ಇಂಗ್ಲಿಷಿಗೆ ತಂದುಕೊಳ್ಳುವುದು ನನ್ನ ರೂಢಿ.

ಆ ಡೆಬಿಟ್ ನೋಟಿನ ಮೊತ್ತವನ್ನು ಮುಂದಿನ ತಿಂಗಳ ಪಾವತಿಯಲ್ಲಿ ಹೊಂದಿಸಿದೆವು. ರಿಜಿಸ್ಟರ್ ಈಗ ಪ್ರಿಂಟರಿನ ಪಕ್ಕದ ಮೇಜಿನ ಮೇಲಿರುತ್ತದೆ.