ಅಕ್ಕ ಒತ್ತಿದ 1.2

ಭಾನುವಾರದಿಂದ ಅಕ್ಕನ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನಾನೇನು ಜಿಮ್‌ಗೆ ಹೋಗ್ತೀನಾ? ಮನೇಲೇ ಇರ್ತೀನಲ್ಲ. ಅದಕ್ಕೇ ಮೊದಲನೇದು ಒತ್ತಿದೆ."

ಅಕ್ಕ, ಭಾವ ಇಬ್ಬರೂ ಒಂದೇ ಆ್ಯಪ್ ಹಾಕಿಕೊಂಡಿದ್ದಾರೆ. ವಯಸ್ಸು, ಎತ್ತರ, ತೂಕ ಕೊಟ್ಟರೆ ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಕ್ಯಾಲರಿಯನ್ನು, ಅಂದರೆ ಬಿಎಂಆರ್ ಅನ್ನು, ಅದು ಲೆಕ್ಕ ಹಾಕುತ್ತದೆ. ಆಮೇಲೆ ನಿಮ್ಮ ಚಟುವಟಿಕೆ ಎಷ್ಟು ಅಂತ ಕೇಳಿ ಗುಣಿಸುತ್ತದೆ. ಕೂತು ಕೆಲಸ ಮಾಡುವವರಿಗೆ 1.2, ವಾರಕ್ಕೆ ಒಂದೆರಡು ದಿನ ವ್ಯಾಯಾಮಕ್ಕೆ 1.375, ಮೂರರಿಂದ ಐದು ದಿನಕ್ಕೆ 1.55. ಡಯಟೀಷಿಯನ್ ಆಗಿ ನಾನು ದಿನಾ ನೋಡುವ ಲೆಕ್ಕವೇ ಇದು. ಎಡವಟ್ಟಾಗುವುದು ಬಿಎಂಆರ್‌ನಲ್ಲಿ ಅಲ್ಲ, ಈ ಕೊನೆಯ ಪ್ರಶ್ನೆಯಲ್ಲಿ.

ಭಾವ 1.55 ಒತ್ತಿದ್ದರು. ವಾರಕ್ಕೆ ನಾಲ್ಕು ದಿನ ಜಿಮ್, ಒಂದು ಗಂಟೆ ವೇಟ್ಸ್. ವಯಸ್ಸು 44, ತೂಕ 78 ಕೆಜಿ, ಎತ್ತರ 172 ಸೆಂ.ಮೀ. 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜೋರ್ ಸೂತ್ರದಲ್ಲಿ ಬಿಎಂಆರ್ ಹೀಗೆ ಬರುತ್ತದೆ:

```
10×78 + 6.25×172 − 5×44 + 5 = 1640
```

1.55ರಿಂದ ಗುಣಿಸಿದರೆ ದಿನದ ಖರ್ಚು 2542. ಅದಕ್ಕೆ ಅವರು 2150 ತಿನ್ನುತ್ತಿದ್ದರು. ದಿನಕ್ಕೆ ಸುಮಾರು 400 ಕಡಿಮೆ ತಿಂದರೂ ತಿಂಗಳಾದ ಮೇಲೂ ಮುಳ್ಳು ಅಲ್ಲಾಡಿರಲಿಲ್ಲ.

ಅವರಿಗೆ ಆ ಜಿಮ್ಮಿನ ಒಂದು ಗಂಟೆಯನ್ನೇ ಬಿಡಿಸಿ ತೋರಿಸಿದೆ. ನಡುವೆ ಕೂತು ಸುಧಾರಿಸಿಕೊಳ್ಳುತ್ತಾ ವೇಟ್ಸ್ ಎತ್ತಿದರೆ, ಸುಮ್ನೆ ಕೂತಿದ್ದಕ್ಕಿಂತ ಜಾಸ್ತಿ ಖರ್ಚಾಗುವುದು ಗಂಟೆಗೆ ಸುಮಾರು 200 ಕ್ಯಾಲರಿ. ನಾಲ್ಕು ದಿನಕ್ಕೆ 800. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 115ರ ಹತ್ತಿರ. 1640ರ ಲೆಕ್ಕದಲ್ಲಿ ಇದು ಬರೀ 0.07. ಅಂದರೆ ಅಷ್ಟೂ ಜಿಮ್ ಸೇರಿ 1.2 ಅನ್ನು 1.27 ಮಾಡುತ್ತದೆ, 1.55 ಅಲ್ಲ. ಉಳಿದ ಹೊತ್ತೆಲ್ಲ ಭಾವ ಲ್ಯಾಪ್‌ಟಾಪ್ ಮುಂದೆ, ಕಾರಿನಲ್ಲಿ, ಸೋಫಾದಲ್ಲಿ. ಒಳ್ಳೆಯ ಮನುಷ್ಯ, ಶಿಸ್ತಿನವರು. ಆದರೆ ನೀರು ಬೇಕಾದರೂ ಕೂತಲ್ಲಿಂದಲೇ ಕೇಳುತ್ತಾರೆ.

ಆ ನೀರು ತಂದುಕೊಡುವವಳು 1.2 ಒತ್ತಿದ್ದಾಳೆ.

ಅಕ್ಕನ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಅವರನ್ನು ಎಬ್ಬಿಸಿ ಕೂರಿಸುವುದು, ಒರೆಸುವುದು, ಹಾಸಿಗೆ ಬದಲಿಸುವುದು, ಒದ್ದೆ ಬಟ್ಟೆಯ ಬಕೆಟ್ ಹೊತ್ತು ಮಹಡಿಗೆ ಹೋಗುವುದು, ಮೂರು ಹೊತ್ತಿನ ಅಡುಗೆ. ನಾನಿದ್ದ ಹೊತ್ತಿನಲ್ಲೇ ಅತ್ತೆಯನ್ನು ಮಗ್ಗುಲು ತಿರುಗಿಸಲು ಅವಳು ಒಂದು ಮೊಣಕಾಲನ್ನು ಮಂಚಕ್ಕೆ ಊರಿ, ಎರಡೂ ಕೈ ಅವರ ಬೆನ್ನಿನಡಿ ಹಾಕಿ ಎತ್ತಿದಳು. ಕತ್ತಿನ ನರ ಉಬ್ಬಿತ್ತು. ಅದಾದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಹೇಳಿದ್ದೇ ಆ ಮಾತು. "ನಾನೇನು ಜಿಮ್‌ಗೆ ಹೋಗ್ತೀನಾ?"

ವಯಸ್ಸು 41, ತೂಕ 58, ಎತ್ತರ 154. ಹೆಂಗಸರ ಸೂತ್ರದಲ್ಲಿ ಕೊನೆಗೆ 5 ಕೂಡಿಸುವ ಬದಲು 161 ಕಳೆಯಬೇಕು. ಬಿಎಂಆರ್ ಸುಮಾರು 1177. 1.2ರಂತೆ ದಿನದ ಖರ್ಚು 1412. ತೂಕ ಇಳಿಸಬೇಕು ಅಂತ ಅದರಲ್ಲೂ 300 ಕಳೆದು, ದಿನಕ್ಕೆ 1100 ತಿಂದುಕೊಂಡು ನಾಲ್ಕು ವಾರ ಕಳೆದಿದ್ದಾಳೆ. ಎದ್ದರೆ ಕಣ್ಣು ಕತ್ತಲೆ, ಸಂಜೆಗೆ ತಲೆನೋವು. ಎರಡೂವರೆ ಕೆಜಿ ಇಳಿದಿದೆ.

ಆ ಎರಡೂವರೆ ಕೆಜಿಯೇ ನಿಜ ಹೇಳುತ್ತದೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲರಿ. ಹಾಗಾದರೆ 28 ದಿನಕ್ಕೆ 19,250, ದಿನಕ್ಕೆ 690ರ ಹತ್ತಿರ. ತಿಂದ 1100ಕ್ಕೆ ಕೂಡಿಸಿದರೆ 1790. ಅದನ್ನು 1177ರಿಂದ ಭಾಗಿಸಿದರೆ 1.52. ಮೊದಲ ವಾರ ಇಳಿದಿದ್ದರಲ್ಲಿ ನೀರೂ ಇರುತ್ತದೆ, ಅದಕ್ಕೆ ಸ್ವಲ್ಪ ತಗ್ಗಿಸಿದರೂ 1.4ಕ್ಕಿಂತ ಕೆಳಗೆ ಬರುವುದಿಲ್ಲ. ಭಾವನ ತೂಕ 2150ರಲ್ಲಿ ನಿಂತಿದೆ, ಅಂದರೆ ಅವರದು 1.31. ಒಗ್ಗರಣೆಯ ಎಣ್ಣೆ ಬರೆಯಲು ಅವರು ಮರೆತಿರಬಹುದು. ಆದರೂ ಮುಂದೆಯೂ ಅದೇ ರೀತಿ ಬರೆದುಕೊಂಡರೆ ಈ ಅಂಕಿ ಅವರ ಕೆಲಸಕ್ಕೆ ಸಾಕು.

ಆ್ಯಪಿನ ಪ್ರಶ್ನೆಯ ಮೇಲೇ ನನಗೆ ಸಿಟ್ಟು. ವ್ಯಾಯಾಮ ಎಷ್ಟು ದಿನ ಅಂತ ಕೇಳುತ್ತದೆ, ಉಳಿದ 23 ಗಂಟೆ ಕಾಲ ಮೇಲಿದ್ದೀರೋ ಕುರ್ಚಿಯಲ್ಲಿದ್ದೀರೋ ಅಂತ ಕೇಳುವುದೇ ಇಲ್ಲ. ಮನೆಗೆಲಸ ಯಾವ ಸಾಲಿನಲ್ಲೂ ಇಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಅಕ್ಕನಿಗೆ ಆ್ಯಪ್ ಬರುವ ಮೊದಲೇ ಯಾರ್ಯಾರೋ ಕಲಿಸಿಬಿಟ್ಟಿದ್ದಾರೆ. ತಾನು ಸುಳ್ಳು ಹೇಳುತ್ತಿಲ್ಲ ಅಂತಲೇ ಅವಳು 1.2 ಒತ್ತಿದ್ದು. ಊಟ ಕಿತ್ತುಕೊಂಡಿದ್ದು ಆ ಪ್ರಾಮಾಣಿಕತೆಯೇ.

ಅಕ್ಕನಿಗೆ 1.45 ಹಾಕಿ, ಸದ್ಯಕ್ಕೆ ಏನೂ ಕಳೆಯದೆ 1700 ತಿನ್ನು ಅಂದೆ. ರಕ್ತ ಪರೀಕ್ಷೆಗೂ ಬರೆದುಕೊಟ್ಟೆ, ಕಣ್ಣು ಕತ್ತಲೆಗೆ ಊಟವೊಂದೇ ಕಾರಣ ಅಂದುಕೊಳ್ಳಬಾರದು. ಭಾವ 1.3ಕ್ಕೆ ಬದಲಿಸಿಕೊಂಡರು.

"ನಾದಿನಿ ಬಂದು ಅತ್ತೇನ ನೋಡಿಕೊಳ್ಳೋ ದಿನ ಕಮ್ಮಿ ತಿನ್ನಬೇಕಾ?" ಅಂತ ಅಕ್ಕ ಕೇಳಿದಳು.

"ಬೇಡ ಕಣೇ. ಇದು ವಾರದ ಸರಾಸರಿ, ಒಂದೊಂದು ದಿನದ ಲೆಕ್ಕ ಅಲ್ಲ. ಅವತ್ತೂ ಅಷ್ಟೇ ತಿನ್ನು" ಅಂದೆ.