ತೋರಿಸಿದ್ದು ಶೇಕಡ 20, ಒಳಗಿದ್ದದ್ದು 6: ಬಿಎಂಎಸ್ ಲೆಕ್ಕ ಎಲ್ಲಿ ತಪ್ಪುತ್ತದೆ

ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಯ ಎಲೆಕ್ಟ್ರಿಕ್ ಕಾರುಗಳು ಸರ್ವಿಸ್‌ಗೆ ಬಂದಾಗ ಒಂದು ದೂರು ಹೆಚ್ಚೂಕಡಿಮೆ ಇದೇ ಮಾತಿನಲ್ಲಿರುತ್ತದೆ: "ಶೇಕಡ 20 ತೋರಿಸ್ತಾ ಇತ್ತು, ಏರು ಹತ್ತುವಾಗ ಇದ್ದಕ್ಕಿದ್ದಂಗೆ 5ಕ್ಕೆ ಇಳೀತು, ಆಮೇಲೆ ಗಾಡಿ ಎಳೀಲೇ ಇಲ್ಲ." ಬ್ಯಾಟರಿ ಸತ್ತಿತು ಎಂದು ಪ್ಯಾಕ್ ಬಿಚ್ಚುವ ಮಾತಿಗೆ ಹೋಗುವುದು ಅವಸರ. ಬಹಳ ಸಲ ಬ್ಯಾಟರಿ ಸರಿಯಾಗಿಯೇ ಇರುತ್ತದೆ, ಅದರ ಲೆಕ್ಕ ಬರೆಯುವ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಬಿಎಂಎಸ್‌ಗೆ ಮಾತ್ರ ದಾರಿ ತಪ್ಪಿರುತ್ತದೆ. ಕೆಲವು ಸಲ ಒಂದು ಸೆಲ್ ಉಳಿದವಕ್ಕಿಂತ ಹಿಂದೆ ಬಿದ್ದಿರುತ್ತದೆ. ಎರಡಕ್ಕೂ ಮೊದಲ ಮದ್ದು ಪೂರ್ತಿ ಚಾರ್ಜ್. ಆದರೆ ಎರಡರಲ್ಲೂ ಅದು ಮಾಡುವ ಕೆಲಸ ಬೇರೆ ಬೇರೆ, ಬೇಕಾಗುವ ಸಮಯವೂ ಬೇರೆ.

ಲೆಕ್ಕಕ್ಕೆ ಒಂದು ಪ್ಯಾಕ್ ಇಟ್ಟುಕೊಳ್ಳೋಣ: 150 ಆಂಪಿಯರ್-ಅವರ್‌ನ 104 ಸೆಲ್‌ಗಳು ಸಾಲಾಗಿ. ಒಂದೊಂದು ಸೆಲ್‌ಗೆ 3.2 ವೋಲ್ಟ್ ಹಿಡಿದರೆ ಸುಮಾರು 333 ವೋಲ್ಟ್, 50 ಕಿಲೋವ್ಯಾಟ್-ಅವರ್. ಬಿಎಂಎಸ್ ಪ್ರತಿ ಸೆಲ್‌ನ ವೋಲ್ಟೇಜನ್ನು, ಇಡೀ ಪ್ಯಾಕ್‌ನಲ್ಲಿ ಹರಿಯುವ ಕರೆಂಟನ್ನು ಮತ್ತು ಹಲವು ಕಡೆಯ ಬಿಸಿಯನ್ನು ಅಳೆಯುತ್ತದೆ. ಯಾವುದೇ ಒಂದು ಸೆಲ್ ಮಿತಿ ಮುಟ್ಟಿದರೆ ಕರೆಂಟ್ ಇಳಿಸುತ್ತದೆ, ಮೀರಿದರೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ ತೆರೆದು ಪ್ಯಾಕನ್ನೇ ಬೇರ್ಪಡಿಸುತ್ತದೆ. ಹೈ ವೋಲ್ಟೇಜ್ ತಂತಿ ಬಾಡಿಗೆ ಸೋರುತ್ತಿದೆಯೇ ಎಂದು ನೋಡುವುದು, ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ತಡೆಯುವುದು ಕೂಡ ಅದರದೇ ಕೆಲಸ. ಇವೆಲ್ಲ ನೇರವಾಗಿ ಅಳೆದು ತೀರ್ಮಾನಿಸುವಂಥವು, ಇಲ್ಲಿ ಅದು ತಪ್ಪುವುದು ಅಪರೂಪ. ಆದರೆ "ಇನ್ನೆಷ್ಟು ಉಳಿದಿದೆ" ಎಂಬುದನ್ನು ಅಳೆಯುವ ಸಾಧನವೇ ಇಲ್ಲ. ಪೆಟ್ರೋಲ್ ಟ್ಯಾಂಕಿನ ತೇಲುಬುರುಡೆಯಂಥದ್ದು ಸೆಲ್ ಒಳಗೆ ಏನೂ ಇರುವುದಿಲ್ಲ. ಬಿಎಂಎಸ್ ಅದನ್ನು ಲೆಕ್ಕ ಹಾಕಿ ಊಹಿಸಬೇಕು.

ಊಹೆಗೆ ದಾರಿ ಎರಡು. ಒಂದು, ಹೋದ ಬಂದ ಕರೆಂಟನ್ನು ಕೂಡಿ ಕಳೆಯುವ ಜಮಾಖರ್ಚು. ಇನ್ನೊಂದು, ಸೆಲ್ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಅದರ ವೋಲ್ಟೇಜ್ ನೋಡಿ ಮಟ್ಟ ಹೇಳುವುದು.

ಜಮಾಖರ್ಚಿನ ದೋಷ ಏನೆಂದರೆ ತಪ್ಪು ಕೂಡುತ್ತಲೇ ಹೋಗುತ್ತದೆ. 500 ಆಂಪಿಯರ್‌ವರೆಗೆ ಅಳೆಯುವ ಸೆನ್ಸಾರ್ 0.2 ಆಂಪಿಯರ್ ಹೆಚ್ಚು ಜಮೆ ತೋರಿಸುತ್ತದೆ ಎನ್ನಿ. ಎರಡೂವರೆ ಸಾವಿರದಲ್ಲಿ ಒಂದು ಪಾಲು, ಅಂಥ ಸೆನ್ಸಾರನ್ನು ಕೆಟ್ಟದ್ದು ಎನ್ನಲಾಗದು. ಓಡುವುದು, ಚಾರ್ಜ್ ಆಗುವುದು ಸೇರಿ ದಿನಕ್ಕೆ ಐದು ಗಂಟೆ ಪ್ಯಾಕ್ ಎಚ್ಚರವಿದ್ದರೆ ದಿನಕ್ಕೆ 1 ಆಂಪಿಯರ್-ಅವರ್ ಸುಳ್ಳು ಜಮೆ. ಮೂರು ವಾರಕ್ಕೆ 21 ಆಯಿತು, 150ರಲ್ಲಿ ಶೇಕಡ 14. ಪರದೆಯಲ್ಲಿ 20 ಇದ್ದಾಗ ಒಳಗಿರುವುದು 6. ಆ ಮಟ್ಟದಲ್ಲಿ ಏರು ಹತ್ತಿದರೆ ಸೆಲ್ ವೋಲ್ಟೇಜ್ ಧಡಕ್ಕನೆ ಕುಸಿಯುತ್ತದೆ. ಆಗಷ್ಟೇ ಬಿಎಂಎಸ್‌ಗೆ ತನ್ನ ಲೆಕ್ಕ ಸುಳ್ಳೆಂದು ಗೊತ್ತಾಗುತ್ತದೆ, ಅಂಕಿಯನ್ನು ಒಂದೇ ಸಲಕ್ಕೆ ಇಳಿಸುತ್ತದೆ. ಚಾಲಕನ ಕಣ್ಣಿಗೆ ಕಂಡ "ಇದ್ದಕ್ಕಿದ್ದಂಗೆ" ಇದೇ.

ಅಷ್ಟು ದಿನ ವೋಲ್ಟೇಜ್ ನೋಡಿ ಲೆಕ್ಕ ಸರಿಮಾಡಿಕೊಳ್ಳಬಹುದಿತ್ತಲ್ಲ? ನಿಕಲ್-ಮ್ಯಾಂಗನೀಸ್-ಕೋಬಾಲ್ಟ್‌ನ ಎನ್‌ಎಂಸಿ ಸೆಲ್ ಆಗಿದ್ದರೆ ಹೌದು. ಅದರಲ್ಲಿ ಶೇಕಡ 40ರಿಂದ 80ರ ನಡುವೆ ಮುನ್ನೂರು ಮಿಲಿವೋಲ್ಟ್‌ಗೂ ಹೆಚ್ಚು ಏರಿಕೆ ಇರುತ್ತದೆ, ರಾತ್ರಿ ನಿಂತ ಕಾರು ಬೆಳಿಗ್ಗೆ ತನ್ನ ಮಟ್ಟವನ್ನು ತಾನೇ ಓದಿಕೊಳ್ಳುತ್ತದೆ. ಎಲ್‌ಎಫ್‌ಪಿಯಲ್ಲಿ ಅದೇ ಅಂತರಕ್ಕೆ ಸುಮಾರು 3.29ರಿಂದ 3.33 ವೋಲ್ಟ್, ನಲವತ್ತು ಮಿಲಿವೋಲ್ಟ್ ಅಷ್ಟೇ. ಸಾಲದ್ದಕ್ಕೆ ಅದೇ ಮಟ್ಟದಲ್ಲಿ ಚಾರ್ಜ್ ಆಗಿ ನಿಂತ ಸೆಲ್ ಒಂದು ವೋಲ್ಟೇಜ್ ತೋರಿಸಿದರೆ, ಖಾಲಿಯಾಗುತ್ತ ಬಂದು ನಿಂತದ್ದು ಕೆಲವು ಮಿಲಿವೋಲ್ಟ್ ಕಡಿಮೆ ತೋರಿಸುತ್ತದೆ. ಸಮತಟ್ಟು ಬಯಲಿನಲ್ಲಿ ನೆಲದ ಎತ್ತರ ನೋಡಿ ಎಷ್ಟು ದೂರ ಬಂದೆವೆಂದು ಹೇಳಲು ಹೊರಟ ಹಾಗೆ. ಬಯಲಿನ ಎರಡು ತುದಿಗಳಲ್ಲಿ ಮಾತ್ರ ಇಳಿಜಾರಿದೆ, ಕೆಳಗೆ ಶೇಕಡ 10ರ ಆಸುಪಾಸು, ಮೇಲೆ ಕೊನೆಯ ಒಂದೆರಡು ಶೇಕಡ. ಕೆಳತುದಿಗೆ ಹೋಗುವುದು ಯಾರಿಗೂ ಬೇಡ. ಉಳಿದದ್ದು ಮೇಲ್ತುದಿ.

ಹಲವು ಎಲ್‌ಎಫ್‌ಪಿ ಕಾರುಗಳ ಕೈಪಿಡಿ ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿ ಎನ್ನುವುದು ಇದಕ್ಕೇ. ಯಾವುದಾದರೂ ಸೆಲ್ 3.6 ವೋಲ್ಟ್ ದಾಟುತ್ತಿದ್ದಂತೆ ಬಿಎಂಎಸ್ ಕರೆಂಟನ್ನು ಹಂತಹಂತವಾಗಿ ಇಳಿಸುತ್ತದೆ, ಕೆಲವೇ ಆಂಪಿಯರ್‌ಗೆ ಬಂದಾಗ ಚಾರ್ಜ್ ಮುಗಿಸಿ "ಇದು 100" ಎಂದು ಬರೆದುಕೊಳ್ಳುತ್ತದೆ. ಹಳೆಯ ತಪ್ಪೆಲ್ಲ ಅಲ್ಲಿಗೆ ಸೊನ್ನೆ. ಇದನ್ನು ನಿಧಾನ ಎಸಿ ಚಾರ್ಜರ್‌ನಲ್ಲೇ ಮಾಡಬೇಕು. ಫಾಸ್ಟ್ ಚಾರ್ಜರ್‌ನಲ್ಲಿ ಕರೆಂಟ್ ದೊಡ್ಡದು, ಒಳಗಿನ ಪ್ರತಿರೋಧದಿಂದಲೇ ವೋಲ್ಟೇಜ್ ಏರಿ ಸೆಲ್ ತುಂಬುವ ಮೊದಲೇ ಮಿತಿ ಮುಟ್ಟಿದಂತೆ ಕಾಣುತ್ತದೆ. ಪೂರ್ತಿ ಚಾರ್ಜನ್ನು ಮರುದಿನ ಓಡುವುದಿರುವಾಗ ಇಟ್ಟುಕೊಳ್ಳುವುದು ಒಳ್ಳೆಯದು, ತುಂಬಿದ ಪ್ಯಾಕ್ ಬಿಸಿಲಲ್ಲಿ ದಿನಗಟ್ಟಲೆ ನಿಂತರೆ ಎಲ್‌ಎಫ್‌ಪಿಯೂ ಬೇಗ ಮುಪ್ಪಾಗುತ್ತದೆ. ಎನ್‌ಎಂಸಿ ಕಾರಿಗೆ ಈ ವಾರದ ಪಾಠ ಹೇಳಿಕೊಡಬೇಡಿ. ಅದಕ್ಕೆ ದಿನನಿತ್ಯ 80 ಸಾಕು, ಪೂರ್ತಿ ಚಾರ್ಜ್ ಉದ್ದ ಪ್ರಯಾಣಕ್ಕೆ.

ಅಂಕಿ ಸರಿಹೋಗಲು ಒಂದು ಪೂರ್ತಿ ಚಾರ್ಜ್ ಸಾಕು. ಸೆಲ್‌ಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುವ ಬ್ಯಾಲೆನ್ಸಿಂಗ್‌ಗೆ ಸಾಲದು, ಜನ ಎಡವುವುದು ಇಲ್ಲೇ.

ಸೆಲ್‌ಗಳು ಸುಮ್ಮನಿದ್ದಾಗಲೂ ತಮ್ಮಷ್ಟಕ್ಕೆ ಒಂದಿಷ್ಟು ಸೋರುತ್ತವೆ, ಎಲ್ಲವೂ ಒಂದೇ ಸಮ ಸೋರುವುದಿಲ್ಲ. ಒಂದು ಸೆಲ್ ಉಳಿದವಕ್ಕಿಂತ 2 ಮಿಲಿಆಂಪಿಯರ್ ಹೆಚ್ಚು ಸೋರಿದರೆ ದಿನಕ್ಕೆ 48 ಮಿಲಿಆಂಪಿಯರ್-ಅವರ್, ವರ್ಷಕ್ಕೆ ಹದಿನೇಳೂವರೆ ಆಂಪಿಯರ್-ಅವರ್. ಸಾಲಿನಲ್ಲಿರುವ ಸೆಲ್‌ಗಳಿಗೆಲ್ಲ ಒಂದೇ ಕರೆಂಟ್, ಆದ್ದರಿಂದ ಹಿಂದೆ ಬಿದ್ದ ಸೆಲ್‌ಗೆ ಮಾತ್ರ ಹೆಚ್ಚು ತುಂಬಲು ಆಗದು. ಸಾಮಾನ್ಯ ಬಿಎಂಎಸ್ ಮಾಡುವುದು ಇದಕ್ಕೆ ತಲೆಕೆಳಗಾದ ಕೆಲಸ. ಪ್ರತಿ ಸೆಲ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಇರುತ್ತದೆ, ಮುಂದಿರುವ ಸೆಲ್‌ಗಳ ಚಾರ್ಜನ್ನು ಅದರಲ್ಲಿ ಬಿಸಿಯಾಗಿ ಸುಟ್ಟು ಹಿಂದಿರುವುದರ ಮಟ್ಟಕ್ಕೆ ಇಳಿಸುತ್ತದೆ. ಸುಮಾರು 33 ಓಮ್ ರೆಸಿಸ್ಟರ್ ಆದರೆ ಕರೆಂಟ್ 0.1 ಆಂಪಿಯರ್ ಆಸುಪಾಸು.

ಈಗ 61ನೇ ಸೆಲ್ 3 ಆಂಪಿಯರ್-ಅವರ್, ಅಂದರೆ ಶೇಕಡ 2 ಹಿಂದಿದೆ ಎನ್ನಿ. ಉಳಿದ 103 ಸೆಲ್‌ಗಳೂ ತಲಾ 3 ಆಂಪಿಯರ್-ಅವರ್ ಕಳೆದುಕೊಳ್ಳಬೇಕು. 0.1 ಆಂಪಿಯರ್‌ನಲ್ಲಿ 30 ಗಂಟೆ. ಬೋರ್ಡ್ ಬಿಸಿಯಾಗದಿರಲೆಂದು, ಅಳತೆ ಕೆಡದಿರಲೆಂದು ಬಹಳ ಬಿಎಂಎಸ್‌ಗಳು ಪಕ್ಕಪಕ್ಕದ ಸೆಲ್‌ಗಳನ್ನು ಸರದಿಯ ಮೇಲೆ ಸುಡುತ್ತವೆ, ಹಾಗಾಗಿ 60 ಗಂಟೆ. ಚಾರ್ಜ್ ಮುಗಿದ ಮೇಲೆ ರಾತ್ರಿ ಎಂಟು ಗಂಟೆ ಕೇಬಲ್ ಹಾಕಿಟ್ಟರೆ ಸರಿಹೋಗುವುದು 0.4 ಆಂಪಿಯರ್-ಅವರ್. ಇಂಥ ಎಂಟು ರಾತ್ರಿ ಬೇಕು. "ನೂರು ಮಾಡಿಸಿದೆ, ಏನೂ ಆಗಲಿಲ್ಲ" ಎನ್ನುವವರು ಸಾಮಾನ್ಯವಾಗಿ 100 ಕಂಡ ಕೂಡಲೇ ಕೇಬಲ್ ಕಿತ್ತವರು. ಒಮ್ಮೆ ಲೆಕ್ಕ ತೆಗೆದುಕೊಂಡು ಆಮೇಲೆ ಕಾರು ನಿದ್ದೆಯಲ್ಲಿದ್ದಾಗಲೂ ಸುಡುವ ಬಿಎಂಎಸ್‌ಗಳಿವೆ, ಆದರೆ ಅವಕ್ಕೂ ಆ ಲೆಕ್ಕ ಸಿಗುವುದು ಮೇಲ್ತುದಿಯಲ್ಲೇ. ಬಯಲಿನಲ್ಲಿ ಶೇಕಡ 2ರ ವ್ಯತ್ಯಾಸ ಒಂದೆರಡು ಮಿಲಿವೋಲ್ಟ್, ಅದನ್ನು ನಂಬಿ ಸುಟ್ಟರೆ ಸರಿ ಇದ್ದದ್ದೂ ಕೆಡುತ್ತದೆ.

ಸ್ಕ್ಯಾನ್ ಟೂಲ್‌ನಲ್ಲಿ ಗರಿಷ್ಠ ಸೆಲ್, ಕನಿಷ್ಠ ಸೆಲ್ ಎಂಬ ಎರಡು ಅಂಕಿ ಓದಿ "80 ಮಿಲಿವೋಲ್ಟ್ ಅಂತರ, ಬ್ಯಾಲೆನ್ಸ್ ಆಗಬೇಕು" ಎಂದು ಬರೆದುಬಿಡುವುದು ಕೆಟ್ಟ ಅಭ್ಯಾಸ. ಅದೇ 80 ಮಿಲಿವೋಲ್ಟ್ ಯಾವ ಮಟ್ಟದಲ್ಲಿ, ಎಷ್ಟು ಕರೆಂಟಿನಲ್ಲಿ ಕಂಡಿತು ಎನ್ನುವುದರ ಮೇಲೆ ಕಾಯಿಲೆ ಬದಲಾಗುತ್ತದೆ. ಮೊದಲು ಎಸಿಯಲ್ಲಿ ಪೂರ್ತಿ ತುಂಬಿಸಿ, ಕೊನೆಯ ಹತ್ತು ನಿಮಿಷ ಸೆಲ್ ವೋಲ್ಟೇಜ್‌ಗಳನ್ನು ದಾಖಲಿಸಿ. ಒಂದು ಗಂಟೆ ನಿಲ್ಲಿಸಿ ಮತ್ತೆ ಓದಿ. ನಂತರ ಶೇಕಡ 10ರ ಹತ್ತಿರಕ್ಕೆ ಓಡಿಸಿ ಅಲ್ಲೂ ಓದಿ, ಸೆಲ್ ಸಂಖ್ಯೆಯ ಸಮೇತ.

61ನೇ ಸೆಲ್ ಮೇಲ್ತುದಿಯಲ್ಲಿ ಕೊನೆಯದಾಗಿ ಏರಿ, ಕೆಳತುದಿಯಲ್ಲಿ ಮೊದಲು ಇಳಿದರೆ ಅದು ಬರೀ ಹಿಂದೆ ಬಿದ್ದ ಸೆಲ್, ಬ್ಯಾಲೆನ್ಸಿಂಗ್ ಅದನ್ನು ಸರಿಮಾಡುತ್ತದೆ. ಅದೇ ಸೆಲ್ ಮೇಲೂ ಮೊದಲು ಏರಿ, ಕೆಳಗೂ ಮೊದಲು ಇಳಿದರೆ ಅದರ ಪಾತ್ರೆಯೇ ಸಣ್ಣದಾಗಿದೆ. ಎಷ್ಟು ರಾತ್ರಿ ಕೇಬಲ್ ಹಾಕಿಟ್ಟರೂ ಸುಡುವ ರೆಸಿಸ್ಟರ್‌ನಿಂದ ಸಾಮರ್ಥ್ಯ ಹುಟ್ಟುವುದಿಲ್ಲ, ಮಾಡ್ಯೂಲ್ ಬದಲಿಸಬೇಕು. ಚಾರ್ಜ್ ಆಗುವಾಗ ಹೆಚ್ಚು, ಎಳೆಯುವಾಗ ಕಡಿಮೆ, ನಿಂತ ಮೇಲೆ ಎಲ್ಲರ ಸಮ ಎಂದು ಕಂಡರೆ ಅದು ಪ್ರತಿರೋಧದ ಕತೆ. ಕರೆಂಟ್ ನಿಂತ ಕ್ಷಣವೇ ಅಂತರ ಪೂರ್ತಿ ಮಾಯವಾದರೆ ಸೆಲ್‌ಗಳನ್ನು ಜೋಡಿಸುವ ಬಸ್‌ಬಾರ್ ಪಟ್ಟಿಯ ಜಾಯಿಂಟ್ ಮೇಲೆ ಅನುಮಾನ ಪಡಿ. ಕೆಲವು ನಿಮಿಷ ಹಿಡಿದು ನಿಧಾನ ಕರಗಿದರೆ ಸೆಲ್ ಮೇಲೆ.

ಇನ್ನೊಂದು ವೇಷವಿದೆ. ಸೆಲ್ ವೋಲ್ಟೇಜ್ ಓದುವ ತಂತಿ ಪಕ್ಕದ ಎರಡು ಸೆಲ್‌ಗಳಿಗೆ ಹಂಚಿಕೆಯದು, ರೆಸಿಸ್ಟರ್‌ನ ಕರೆಂಟ್ ಹರಿಯುವುದೂ ಅದರಲ್ಲೇ. ಕನೆಕ್ಟರ್ ಪಿನ್ ತುಕ್ಕು ಹಿಡಿದು 1 ಓಮ್ ಪ್ರತಿರೋಧ ಬಂದರೆ, 61ನೇ ಸೆಲ್‌ನಿಂದ 0.1 ಆಂಪಿಯರ್ ಸುಡುವಾಗ 100 ಮಿಲಿವೋಲ್ಟ್ ಅಲ್ಲೇ ಬೀಳುತ್ತದೆ. ಆಗ 61 ಅಷ್ಟೇ ಕಡಿಮೆ, ಪಕ್ಕದ 62 ಅಷ್ಟೇ ಹೆಚ್ಚು ತೋರಿಸುತ್ತವೆ. ಜೋಡಿ ಸೆಲ್‌ಗಳು, ಸಮ ಅಂತರ, ಎದುರು ದಿಕ್ಕು, ಎರಡರ ಮೊತ್ತ ಮಾತ್ರ ಸರಿ. ಹೀಗೆ ಕಂಡರೆ ಸೆಲ್ ಮೇಲೆ ತಪ್ಪು ಹೊರಿಸುವ ಮೊದಲು ಬ್ಯಾಲೆನ್ಸಿಂಗ್ ನಿಲ್ಲಿಸಿ ಮತ್ತೊಮ್ಮೆ ಓದಿ. ಅಂತರ ಹೋದರೆ ಕೆಲಸ ಇರುವುದು ಕನೆಕ್ಟರ್‌ನಲ್ಲಿ. ಅದನ್ನು ಹಾಗೇ ಬಿಟ್ಟರೆ ಸುಡುವಾಗಲೇ ಅಳೆಯುವ ಬಿಎಂಎಸ್ ಆ ಸುಳ್ಳು ಓದಿಗೆ ತಕ್ಕಂತೆ 62ನ್ನು ಸುಡುತ್ತ ಹೋಗಿ, ಕೆಲವು ತಿಂಗಳಲ್ಲಿ ನಿಜವಾದ ಅಂತರವನ್ನೇ ತಯಾರಿಸಬಹುದು.

ಹೈ ವೋಲ್ಟೇಜ್ ತರಬೇತಿ ಇಲ್ಲದವರು ಪ್ಯಾಕ್ ಮುಚ್ಚಳ ತೆಗೆಯುವ ಹಾಗಿಲ್ಲ, ಆದರೆ ಇಲ್ಲಿ ಹೇಳಿದ ಓದುಗಳಷ್ಟೂ ಮುಚ್ಚಳ ತೆಗೆಯದೇ ಸಿಗುತ್ತವೆ. ಬಿಎಂಎಸ್ ಪ್ರತಿ ಸೆಲ್‌ಗೆ ಎಷ್ಟು ಗಂಟೆ ಸುಟ್ಟಿತೆಂಬ ದಾಖಲೆ ತೋರಿಸುವ ಕಾರಾದರೆ ಅದನ್ನೂ ಬರೆದಿಟ್ಟುಕೊಳ್ಳಿ. ಉಳಿದವನ್ನೆಲ್ಲ ಒಂದೇ ಸೆಲ್‌ಗಾಗಿ ಸುಡುವ ಗಂಟೆಗಳು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಆ ಸೆಲ್‌ನ ಒಳಸೋರಿಕೆ ಹೆಚ್ಚುತ್ತಿದೆ. ಒಳಗೆ ಶಾರ್ಟ್ ಬೆಳೆಯುತ್ತಿರಬಹುದು. ಅಂತರ ಇನ್ನೂ 20 ಮಿಲಿವೋಲ್ಟ್ ಒಳಗೇ ಇದ್ದರೂ ಆ ಪ್ಯಾಕನ್ನು ಓಡಿಸಲು ಬಿಡದೆ ಇಳಿಸಬೇಕು.